ಪಾದದ ಕೀಲಿನ ಬಿಗಿತ ಮತ್ತು ಕುಕ್ಕರಗಾಲಿನಲ್ಲಿ ಕುಳಿತುಕೊಳ್ಳುವ ಸಾಮರ್ಥ್ಯ: ಸಾರ್ವಜನಿಕರ ಮಾಹಿತಿಗಾಗಿ

ಕೊಳ್ಳೇಗಾಲ, ಹನೂರು ಮತ್ತು ಯಳಂದೂರು ತಾಲ್ಲೂಕುಗಳ ಸಾರ್ವಜನಿಕರ ಗಮನಕ್ಕೆ

ಕಾಲಿನ ನ್ಯೂನತೆಯ ಕಾರಣದಿಂದ ಅಂಗವೈಕಲ್ಯ ಪ್ರಮಾಣಪತ್ರಕ್ಕೆ ಅಥವಾ ಇತರ ಸೌಲಭ್ಯಗಳಿಗೆ ಅರ್ಜಿ ಸಲ್ಲಿಸುವವರು ತಮ್ಮ ತೊಂದರೆಯನ್ನು ಸಾಮಾನ್ಯವಾಗಿ "ಕುಕ್ಕರಗಾಲಿನಲ್ಲಿ ಕೂರಲು ಆಗುವುದಿಲ್ಲ" ಎಂಬ ಒಂದೇ ಮಾತಿನಲ್ಲಿ ಹೇಳುತ್ತಾರೆ. ಮಾತು ನಿಜವೇ ಆದರೂ ಅದರಿಂದ ತೊಂದರೆಯು ಯಾವ ಕೀಲಿನಲ್ಲಿದೆ ಎಂಬುದು ತಿಳಿಯುವುದಿಲ್ಲ. ಸೊಂಟದ ಕೀಲು, ಮಂಡಿ ಮತ್ತು ಪಾದದ ಕೀಲು ಇವು ಮೂರೂ ಸಾಕಷ್ಟು ಬಾಗಿದರೆ ಮಾತ್ರ ಮನುಷ್ಯನು ನೆಲದ ಮಟ್ಟಕ್ಕೆ ಇಳಿದು ಕೂರಬಲ್ಲನು. ಇವುಗಳಲ್ಲಿ ಜನರ ಗಮನಕ್ಕೆ ಬಾರದೆ ಉಳಿಯುವುದು ಪಾದದ ಕೀಲು. ಇದು ಬಿಗಿಯಾದಾಗ ಕುಳಿತುಕೊಳ್ಳುವ ಆಳ, ಹಿಮ್ಮಡಿ ಮತ್ತು ಮಂಡಿ ಇವುಗಳಲ್ಲಿ ಆಗುವ ಬದಲಾವಣೆಗಳನ್ನೂ, ಅವನ್ನು ಮನೆಯಲ್ಲಿಯೇ ಅಳೆದು ನೋಡುವ ಕ್ರಮವನ್ನೂ ಈ ಕೆಳಗೆ ವಿವರಿಸಲಾಗಿದೆ.

1. ಪಾದದ ಕೀಲಿನ ಮುಂಬಾಗು ಎಂದರೇನು?

ಮಂಡಿಯಿಂದ ಪಾದದ ಕೀಲಿನವರೆಗಿನ ಭಾಗವನ್ನು ಈ ಲೇಖನದಲ್ಲಿ ಕಣಕಾಲು ಎಂದು ಕರೆಯಲಾಗಿದೆ. ನೇರವಾಗಿ ನಿಂತಾಗ ಕಣಕಾಲು ನೆಲಕ್ಕೆ ಲಂಬವಾಗಿರುತ್ತದೆ. ಹಿಮ್ಮಡಿಯನ್ನು ನೆಲದಿಂದ ಎತ್ತದೆ ಮಂಡಿಯನ್ನು ಮುಂದಕ್ಕೆ ಒಯ್ದರೆ ಕಣಕಾಲು ಪಾದದ ಮೇಲೆ ಮುಂದಕ್ಕೆ ವಾಲುತ್ತದೆ. ಹೀಗೆ ವಾಲುವ ಚಲನೆಗೆ ವೈದ್ಯರು ಡಾರ್ಸಿಫ್ಲೆಕ್ಷನ್ ಎನ್ನುತ್ತಾರೆ. ಕನ್ನಡದಲ್ಲಿ ಇದನ್ನು ಪಾದದ ಕೀಲಿನ ಮುಂಬಾಗು ಎನ್ನಬಹುದು. ಕಣಕಾಲು ಲಂಬ ರೇಖೆಯಿಂದ ಎಷ್ಟು ಡಿಗ್ರಿ ವಾಲಿದೆಯೋ ಅಷ್ಟೇ ಆ ಕೀಲಿನ ಮುಂಬಾಗಿನ ಪ್ರಮಾಣವೆಂದು ಲೆಕ್ಕಿಸಲಾಗುತ್ತದೆ.

ಸಮತಟ್ಟಾದ ನೆಲದ ಮೇಲೆ ನಡೆಯಲು ಇದು ಸುಮಾರು 10 ಡಿಗ್ರಿಯಷ್ಟಿದ್ದರೆ ಸಾಕಾಗುತ್ತದೆ. ಆದರೆ ಹಿಮ್ಮಡಿಯನ್ನು ಊರಿಕೊಂಡು ಪೂರ್ಣವಾಗಿ ಕುಕ್ಕರಗಾಲಿನಲ್ಲಿ ಕೂರಲು ಅದರ ಮೂರು ನಾಲ್ಕು ಪಟ್ಟು ಬೇಕು. ನಿತ್ಯಜೀವನದಲ್ಲಿ ನೆಲದ ಮೇಲೆ ಕೂರುವ ಭಾರತೀಯರ ಕೀಲುಗಳ ಚಲನೆಯನ್ನು ಅಳೆದು 2006ರಲ್ಲಿ ಪ್ರಕಟಿಸಲಾದ ಒಂದು ಅಧ್ಯಯನದಲ್ಲಿ, ಹಿಮ್ಮಡಿ ಊರಿ ಕುಕ್ಕರಗಾಲಿನಲ್ಲಿ ಕುಳಿತಾಗ ಪಾದದ ಕೀಲು ಸರಾಸರಿ 39 ಡಿಗ್ರಿಗೆ ಸಮೀಪದಷ್ಟು ಬಾಗುವುದು ಕಂಡುಬಂದಿದೆ. ಆದುದರಿಂದಲೇ ನಡೆಯುವಾಗ ಯಾವ ತೊಂದರೆಯೂ ಇಲ್ಲದವರು ಕೂರಲು ಹೋದಾಗ ಮಾತ್ರ ತೊಂದರೆಗೆ ಒಳಗಾಗುವುದುಂಟು. ನಡಿಗೆ ಸರಿಯಿದೆ ಎಂಬ ಕಾರಣಕ್ಕೆ ಕೀಲು ಸರಿಯಿದೆ ಎಂದು ತೀರ್ಮಾನಿಸಲಾಗದು.

ದಿನನಿತ್ಯ ಹೀಗೆ ಕೂರುವ ಅಭ್ಯಾಸವು ಮೂಳೆಯ ಮೇಲೂ ಗುರುತು ಉಳಿಸುತ್ತದೆ. ಕಣಕಾಲಿನ ಮೂಳೆಯ ಕೆಳತುದಿಯ ಮುಂಭಾಗವು ಪಾದದ ಮೂಳೆಗೆ ಪದೇ ಪದೇ ತಾಗುವುದರಿಂದ ಅಲ್ಲಿ ಸಣ್ಣ ನುಣುಪಾದ ಮುಖಗಳು ಉಂಟಾಗುತ್ತವೆ. ಪಂಜಾಬಿನ ಜನರ ಕಾಲಿನ ಮೂಳೆಗಳಲ್ಲಿ ಇಂತಹ ಗುರುತುಗಳಿರುವುದನ್ನು ಹ್ಯಾವ್‌ಲಾಕ್ ಚಾರ್ಲ್ಸ್ ಎಂಬ ವೈದ್ಯರು 1893ರಲ್ಲಿಯೇ ವಿವರಿಸಿದ್ದರು.

2. ಕೀಲು ಬಿಗಿಯಾದಾಗ ಆಗುವುದೇನು?

ಮನುಷ್ಯನು ಬೀಳದೆ ಕೂರಬೇಕಾದರೆ ದೇಹದ ಒಟ್ಟು ಭಾರವು ಎಲ್ಲ ಹಂತದಲ್ಲೂ ಪಾದದ ಮೇಲೆಯೇ, ಅಂದರೆ ಹಿಮ್ಮಡಿಗೂ ಬೆರಳುಗಳಿಗೂ ನಡುವೆಯೇ ಬೀಳುತ್ತಿರಬೇಕು. ಕೆಳಗಿಳಿಯುವಾಗ ಪೃಷ್ಠ ಭಾಗವು ಹಿಂದಕ್ಕೆ ಸರಿಯುತ್ತದೆ. ಅದಕ್ಕೆ ಎದುರಾಗಿ ಮಂಡಿಗಳು ಮುಂದಕ್ಕೆ ಬಂದು ಭಾರವನ್ನು ಸರಿದೂಗಿಸುತ್ತವೆ. ಮಂಡಿ ಎಷ್ಟು ಮುಂದೆ ಬರಬಲ್ಲದು ಎಂಬುದನ್ನು ನಿರ್ಧರಿಸುವುದು ಪಾದದ ಕೀಲಿನ ಮುಂಬಾಗು.

ಇದನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಕಣಕಾಲಿನ ಉದ್ದ 40 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಅದು 10 ಡಿಗ್ರಿ ವಾಲಿದರೆ ಮಂಡಿಯು ಪಾದದ ಕೀಲಿಗಿಂತ ಸುಮಾರು 7 ಸೆಂಟಿಮೀಟರ್ ಮುಂದೆ ಬರುತ್ತದೆ. 20 ಡಿಗ್ರಿ ವಾಲಿದರೆ ಸುಮಾರು 14 ಸೆಂಟಿಮೀಟರ್, 30 ಡಿಗ್ರಿಗೆ 20 ಸೆಂಟಿಮೀಟರ್, 39 ಡಿಗ್ರಿಗೆ ಸುಮಾರು 25 ಸೆಂಟಿಮೀಟರ್ ಮುಂದೆ ಬರುತ್ತದೆ. ಕೀಲು 20 ಡಿಗ್ರಿಗೇ ನಿಂತುಹೋದವರ ಮಂಡಿಯು ಪೂರ್ಣವಾಗಿ ಕೂರಬಲ್ಲವರ ಮಂಡಿಗಿಂತ 11 ಸೆಂಟಿಮೀಟರ್‌ನಷ್ಟು ಹಿಂದೆಯೇ ಉಳಿಯುತ್ತದೆ. ಮಂಡಿ ಹಿಂದುಳಿದಷ್ಟೇ ಪೃಷ್ಠವೂ ಹಿಂದೆ ಹೋಗುತ್ತದೆ.

ಒಂದು ಬಾಬ್ತಿನ ಕೊರತೆಯನ್ನು ಮತ್ತೊಂದು ಬಾಬ್ತಿನಿಂದ ಭರಿಸುವಂತೆ ದೇಹವು ಈ ಕೊರತೆಯನ್ನು ಬೇರೆ ಕಡೆಯಿಂದ ತುಂಬಿಕೊಳ್ಳಲು ಯತ್ನಿಸುತ್ತದೆ. ಇದು ಸಾಮಾನ್ಯವಾಗಿ ಮೂರು ರೀತಿಯಲ್ಲಿ ಕಂಡುಬರುತ್ತದೆ.

(ಅ) ಮುಂಡವು ಮುಂದಕ್ಕೆ ಬಾಗುವುದು. ಹಿಂದೆ ಹೋದ ಭಾರವನ್ನು ಸರಿದೂಗಿಸಲು ಎದೆಯನ್ನು ತೊಡೆಯ ಮೇಲೆ ಬಾಗಿಸಿ ಕೈಗಳನ್ನು ಮುಂದಕ್ಕೆ ಚಾಚಬೇಕಾಗುತ್ತದೆ. ಇದರಿಂದ ಮಂಡಿಯ ಹೊರೆ ಕಡಿಮೆಯಾದರೂ ಸೊಂಟದ ಮತ್ತು ಕೆಳಬೆನ್ನಿನ ಹೊರೆ ಹೆಚ್ಚುತ್ತದೆ. ಭಾರ ಹೊತ್ತು ಕುಕ್ಕರಿಸುವವರ ಮಂಡಿ ಮುಂದೆ ಬಾರದಂತೆ ಹಲಗೆಯಿಂದ ತಡೆದು ನಡೆಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿಯೂ ಇದೇ ಫಲಿತಾಂಶ ಬಂದಿತ್ತು. ಮಂಡಿಯು ಬೆರಳುಗಳನ್ನು ದಾಟಿ ಮುಂದೆ ಬರುವುದು ತಾನಾಗಿ ಹಾನಿಕರವೆಂಬ ನಂಬಿಕೆ ಇದೆ. ಆರೋಗ್ಯವಾಗಿರುವ ಮಂಡಿಗೆ ಇದು ಅನ್ವಯಿಸುವುದಿಲ್ಲ. ಆಳವಾಗಿ ಕೂರಲು ಅದು ಬರಲೇಬೇಕು.

(ಆ) ಆಳ ಕಡಿಮೆಯಾಗುವುದು. ಮುಂಡವನ್ನು ಬಾಗಿಸಿದರೂ ಸಾಲದಿದ್ದರೆ ಒಂದು ಹಂತದ ನಂತರ ವ್ಯಕ್ತಿಯು ಹಿಂದಕ್ಕೆ ಬೀಳುತ್ತಾನೆ, ಇಲ್ಲವೇ ಬೀಳುವ ಭಯದಿಂದ ಅಲ್ಲಿಯೇ ನಿಲ್ಲುತ್ತಾನೆ. ಕಂಬವನ್ನೋ ಕಿಟಕಿಯ ಸರಳನ್ನೋ ಹಿಡಿದುಕೊಂಡರೆ ಇನ್ನೂ ಕೆಳಗೆ ಇಳಿಯಬಲ್ಲವರ ಮಂಡಿ ಹಾಗೂ ಸೊಂಟ ಬಾಗುತ್ತಿವೆ ಎಂದೇ ಅರ್ಥ. ಅವರಿಗಿರುವ ಕೊರತೆ ಸಮತೋಲನದ್ದು.

(ಇ) ಹಿಮ್ಮಡಿ ಏಳುವುದು. ಹಿಮ್ಮಡಿ ಎದ್ದಾಗ ಇಡೀ ಪಾದವೇ ಮುಂದಕ್ಕೆ ಓರೆಯಾಗುವುದರಿಂದ, ಕೀಲು ಹೆಚ್ಚು ಬಾಗದೆಯೇ ಕಣಕಾಲು ಇನ್ನಷ್ಟು ವಾಲುತ್ತದೆ ಮತ್ತು ಮಂಡಿ ಮುಂದೆ ಬರುತ್ತದೆ. ಆದರೆ ಭಾರವೆಲ್ಲವೂ ಪಾದದ ಮುಂಭಾಗದ ಸ್ವಲ್ಪ ಜಾಗದ ಮೇಲೆ ಬೀಳುತ್ತದೆ. ತುದಿಗಾಲಿನಲ್ಲಿ ಕೆಲವು ನಿಮಿಷ ಕೂರಬಹುದೇ ಹೊರತು ಅರಿಶಿನದ ಹೊಲದಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಕಳೆ ಕೀಳುತ್ತಾ ಸಾಲಿನಿಂದ ಸಾಲಿಗೆ ಸರಿಯಲಾಗದು. ಒದ್ದೆಯಾದ ಶೌಚಾಲಯದ ನೆಲದಲ್ಲಿ ಜಾರುವ ಅಪಾಯವೂ ಇದೆ.

ಇವಲ್ಲದೆ ಮರೆಯಾಗಿ ನಡೆಯುವ ಇನ್ನೊಂದು ಹೊಂದಾಣಿಕೆಯಿದೆ. ಪಾದವನ್ನು ಹೊರಕ್ಕೆ ತಿರುಗಿಸಿ, ಅಂಗಾಲಿನ ಕಮಾನನ್ನು ಚಪ್ಪಟೆ ಮಾಡಿ, ಮಂಡಿಯನ್ನು ಒಳಕ್ಕೆ ವಾಲಿಸಿಕೊಂಡು ಕೂರುವುದು. ಹೀಗೆ ಕುಳಿತವರ ಹಿಮ್ಮಡಿ ನೆಲದ ಮೇಲೆಯೇ ಇರುವುದರಿಂದ ಕೀಲು ಸರಿಯಿದೆ ಎಂದು ತಪ್ಪಾಗಿ ಭಾವಿಸುವ ಸಂಭವವಿದೆ.

3. ಬಿಗಿತಕ್ಕೆ ಕಾರಣ ಮತ್ತು ಅದನ್ನು ಗುರುತಿಸುವ ಬಗೆ

ಕಾರಣಗಳನ್ನು ಸ್ಥೂಲವಾಗಿ ಎರಡು ವಿಧವಾಗಿ ವಿಂಗಡಿಸಬಹುದು. ಮೊದಲನೆಯದು ಮೀನಖಂಡದ ಸ್ನಾಯುಗಳ ಬಿಗಿತ. ಮೀನಖಂಡದಲ್ಲಿ ಎರಡು ಮುಖ್ಯ ಸ್ನಾಯುಗಳಿವೆ. ಮೇಲಿನದು ಮಂಡಿಯನ್ನು ದಾಟಿ ತೊಡೆಯ ಮೂಳೆಗೆ ಅಂಟಿಕೊಂಡಿದೆ. ಮಂಡಿ ಬಾಗಿದಾಗ ಅದು ಸಡಿಲವಾಗುವುದರಿಂದ ಕೂರುವಾಗ ಅಷ್ಟಾಗಿ ಅಡ್ಡಿ ಮಾಡದು. ಒಳಗಿನ ಸ್ನಾಯು ಮಂಡಿಯ ಕೆಳಗೆ ಕಣಕಾಲಿನ ಮೂಳೆಯಿಂದಲೇ ಹೊರಡುತ್ತದೆ. ಮಂಡಿ ಬಾಗಿದರೂ ಅದು ಸಡಿಲವಾಗದು. ಕೂರುವಾಗ ಅಡ್ಡಿಯಾಗುವ ಸ್ನಾಯು ಇದೇ ಆಗಿದೆ.

ಎರಡನೆಯದು ಕೀಲಿನದ್ದೇ ಅಡಚಣೆ. ಮೂಳೆ ಮುರಿದು ವಾರಗಟ್ಟಲೆ ಪ್ಲಾಸ್ಟರ್ ಕಟ್ಟಿದ್ದಾಗ ಕೀಲಿನ ಸುತ್ತಲಿನ ಪೊರೆ ಬಿಗಿದುಕೊಳ್ಳುತ್ತದೆ. ಮುರಿದ ಮೂಳೆ ಸರಿಯಾದ ಸ್ಥಾನದಲ್ಲಿ ಕೂಡದಿರಬಹುದು. ಹಳೆಯ ಉಳುಕುಗಳ ನಂತರ ಕೀಲಿನ ಮುಂಭಾಗದಲ್ಲಿ ಮೂಳೆ ಬೆಳೆದಿರಬಹುದು.

ಇವೆರಡನ್ನು ಪ್ರತ್ಯೇಕಿಸಲು ಒಂದು ಸರಳ ಪ್ರಶ್ನೆ ನೆರವಾಗುತ್ತದೆ: ಮಂಡಿಯನ್ನು ಮುಂದೊತ್ತಿದಾಗ ತಡೆಯು ಎಲ್ಲಿ ತೋರುತ್ತದೆ? ಹಿಂಭಾಗದಲ್ಲಿ, ಮೀನಖಂಡದ ಕೆಳಗೆ ಅಥವಾ ಹಿಮ್ಮಡಿಯ ಮೇಲಿನ ನರದಂತಹ ದಪ್ಪ ಪಟ್ಟಿಯಲ್ಲಿ ಎಳೆತ ತೋರಿದರೆ ಅದು ಸ್ನಾಯುವಿನ ಬಿಗಿತವಾಗಿರುವ ಸಂಭವ ಹೆಚ್ಚು. ಕೀಲಿನ ಮುಂಭಾಗದಲ್ಲಿ ಏನೋ ಸಿಕ್ಕಿಕೊಂಡಂತೆ, ಹಿಸುಕಿದಂತೆ ಆಗಿ ಚಲನೆ ತಟ್ಟನೆ ನಿಂತರೆ ಅದು ಕೀಲಿನ ಅಡಚಣೆಯ ಲಕ್ಷಣ. ಮೊದಲನೆಯದಕ್ಕೆ ಎಳೆತದ ವ್ಯಾಯಾಮ ಉಪಯುಕ್ತ. ಎರಡನೆಯದನ್ನು ಬಲವಂತವಾಗಿ ಒತ್ತಿದರೆ ನೋವು ಹೆಚ್ಚುವುದೇ ಹೊರತು ಚಲನೆ ಹೆಚ್ಚದು.

4. ಗೋಡೆಯ ಪರೀಕ್ಷೆ

ಇದಕ್ಕೆ ಒಂದು ಗೋಡೆ ಮತ್ತು ಅಳತೆಪಟ್ಟಿ ಸಾಕು. ಬರಿಗಾಲಿನಲ್ಲಿ ಮಾಡತಕ್ಕದ್ದು.

(1) ಗೋಡೆಗೆ ಎದುರಾಗಿ ನಿಂತು, ಪರೀಕ್ಷಿಸಬೇಕಾದ ಪಾದದ ಹೆಬ್ಬೆರಳು ಗೋಡೆಯಿಂದ 5 ಸೆಂಟಿಮೀಟರ್ ದೂರದಲ್ಲಿರುವಂತೆ ಪಾದವನ್ನು ನೇರವಾಗಿ ಇಡಬೇಕು. ಇನ್ನೊಂದು ಕಾಲನ್ನು ಹಿಂದಕ್ಕೆ ಇರಿಸಿ, ಕೈಗಳನ್ನು ಗೋಡೆಗೆ ಊರಬಹುದು.

(2) ಹಿಮ್ಮಡಿಯನ್ನು ಎತ್ತದೆ ಮಂಡಿಯನ್ನು ಮುಂದೊಯ್ದು ಗೋಡೆಗೆ ತಾಗಿಸಬೇಕು. ಮಂಡಿಯು ಎರಡನೆಯ ಬೆರಳಿನ ನೇರಕ್ಕೆ ಹೋಗಬೇಕು. ಒಳಕ್ಕೆ ವಾಲಬಾರದು.

(3) ತಾಗಿದರೆ ಪಾದವನ್ನು 1 ಸೆಂಟಿಮೀಟರ್ ಹಿಂದಕ್ಕೆ ಸರಿಸಿ ಪುನಃ ಮಾಡಬೇಕು. ತಾಗದಿದ್ದರೆ ಮುಂದಕ್ಕೆ ಸರಿಸಬೇಕು. ಹಿಮ್ಮಡಿ ಏಳದೆ ಮಂಡಿ ತಾಗುವ ಅತ್ಯಧಿಕ ದೂರವೇ ಆ ಕಾಲಿನ ಅಳತೆ. ಹಿಮ್ಮಡಿಯ ಕೆಳಗೆ ಒಂದು ಕಾಗದದ ಚೂರನ್ನಿಟ್ಟು ಮತ್ತೊಬ್ಬರು ಎಳೆದು ನೋಡಬೇಕು. ಕಾಗದ ಸುಲಭವಾಗಿ ಜಾರಿ ಬಂದರೆ ಹಿಮ್ಮಡಿ ಎದ್ದಿದೆ ಎಂದು ತಿಳಿಯಬೇಕು.

(4) ಎರಡೂ ಕಾಲುಗಳನ್ನು ಹೀಗೆಯೇ ಅಳೆದು ಬರೆದಿಟ್ಟುಕೊಳ್ಳಬೇಕು.

ಒಬ್ಬರ ಅಳತೆಯನ್ನು ಮತ್ತೊಬ್ಬರದರೊಡನೆ ಹೋಲಿಸುವುದು ಸರಿಯಲ್ಲ. ಪಾದ ಮತ್ತು ಕಣಕಾಲಿನ ಉದ್ದ ಎಲ್ಲರಿಗೂ ಒಂದೇ ಇರುವುದಿಲ್ಲ. ಆದರೆ ಒಬ್ಬರದೇ ಎರಡು ಕಾಲುಗಳ ವ್ಯತ್ಯಾಸಕ್ಕೆ ಖಚಿತವಾದ ಅರ್ಥವಿದೆ. ಬಿಗಿಯಾದ ಕಾಲಿನ ಮಂಡಿಯು ಎಷ್ಟು ಸೆಂಟಿಮೀಟರ್ ಕಡಿಮೆ ಮುಂದೆ ಬರುತ್ತಿದೆ ಎಂಬುದನ್ನು ಆ ವ್ಯತ್ಯಾಸವು ನೇರವಾಗಿ ಹೇಳುತ್ತದೆ.

5. ಒಂದು ಉದಾಹರಣೆ

ವಿಷಯ ಸ್ಪಷ್ಟವಾಗಲೆಂದು ಈ ಉದಾಹರಣೆಯನ್ನು ಕಲ್ಪಿಸಲಾಗಿದೆ. ಹನೂರು ತಾಲ್ಲೂಕಿನ 52 ವರ್ಷದ ಕೃಷಿ ಕೂಲಿ ಮಹಿಳೆಯೊಬ್ಬರು ಹೊಲದ ಬದುವಿನಿಂದ ಜಾರಿ ಬಲಗಾಲಿನ ಪಾದದ ಕೀಲಿನ ಬಳಿ ಮೂಳೆ ಮುರಿದುಕೊಂಡರು. ಆರು ವಾರ ಪ್ಲಾಸ್ಟರ್ ಕಟ್ಟಲಾಯಿತು. ಈಗ ಒಂದು ವರ್ಷ ಕಳೆದಿದೆ. ಮನೆಯಿಂದ ಬಸ್ ನಿಲ್ದಾಣಕ್ಕೆ ನಡೆದು ಹೋಗಬಲ್ಲರು. ಆದರೆ ಕಳೆ ಕೀಳಲು ಕೂರಲಾಗುವುದಿಲ್ಲ, ಶೌಚಾಲಯದಲ್ಲಿ ಗೋಡೆ ಹಿಡಿಯಬೇಕಾಗಿದೆ. "ಮಂಡಿ ಹೋಯಿತು" ಎಂದೇ ಅವರೂ ಮನೆಯವರೂ ತಿಳಿದಿದ್ದಾರೆ.

ಗೋಡೆಯ ಪರೀಕ್ಷೆಯಲ್ಲಿ ಅವರ ಎಡಗಾಲು 13 ಸೆಂಟಿಮೀಟರ್, ಬಲಗಾಲು 6 ಸೆಂಟಿಮೀಟರ್ ಬಂದಿತು. ವ್ಯತ್ಯಾಸ 7 ಸೆಂಟಿಮೀಟರ್. ಕಣಕಾಲಿನ ಉದ್ದ 40 ಸೆಂಟಿಮೀಟರ್ ಇದ್ದು, ಎಡಗಾಲಿನ ಕೀಲು ಸುಮಾರು 39 ಡಿಗ್ರಿ ಬಾಗಿದರೆ ಬಲಗಾಲಿನದು ಸುಮಾರು 27 ಡಿಗ್ರಿ ಬಾಗುತ್ತಿದೆ ಎಂದು ಲೆಕ್ಕ ಬರುತ್ತದೆ. ಅಂದರೆ ಕೊರತೆ 12 ಡಿಗ್ರಿ.

ಈ ಕೊರತೆಯನ್ನು ಹಿಮ್ಮಡಿ ಎತ್ತಿ ತುಂಬಬೇಕಾದರೆ ಎಷ್ಟು ಎತ್ತಬೇಕು? ಅವರ ಹಿಮ್ಮಡಿಯಿಂದ ಹೆಬ್ಬೆರಳಿನ ಬುಡದ ಗೆಣ್ಣಿನವರೆಗೆ 17 ಸೆಂಟಿಮೀಟರ್ ಇದೆ. ಪಾದವನ್ನು 12 ಡಿಗ್ರಿ ಓರೆಯಾಗಿಸಲು ಹಿಮ್ಮಡಿ ಸುಮಾರು 3.5 ಸೆಂಟಿಮೀಟರ್ ಮೇಲೇಳಬೇಕು. ಕಂಬ ಹಿಡಿದು ಕುಳಿತಾಗ ಅವರ ಬಲ ಹಿಮ್ಮಡಿಯು ಹೆಚ್ಚುಕಡಿಮೆ ಅಷ್ಟೇ ಎತ್ತರಕ್ಕೆ ಏಳುತ್ತಿದ್ದುದು ಕಂಡುಬಂದಿತು. ಎಡ ಹಿಮ್ಮಡಿ ನೆಲದ ಮೇಲೆಯೇ ಇತ್ತು.

ಕೊನೆಯದಾಗಿ ಬಲ ಹಿಮ್ಮಡಿಯ ಕೆಳಗೆ 3.5 ಸೆಂಟಿಮೀಟರ್ ದಪ್ಪದ ಅಲುಗಾಡದ ಮರದ ತುಂಡನ್ನಿಟ್ಟು, ಪಕ್ಕದಲ್ಲಿ ಒಬ್ಬರನ್ನು ನಿಲ್ಲಿಸಿಕೊಂಡು ಕೂರಲು ಹೇಳಲಾಯಿತು. ಅವರು ಏನನ್ನೂ ಹಿಡಿಯದೆ ಪೂರ್ಣವಾಗಿ ಕೂತರು. ಇದರಿಂದ ಮಂಡಿಯೂ ಸೊಂಟವೂ ಸಾಕಷ್ಟು ಬಾಗುತ್ತಿವೆ, ಅಡ್ಡಿಯಿರುವುದು ಪಾದದ ಕೀಲಿನಲ್ಲಿ ಎಂಬುದು ಸ್ಪಷ್ಟವಾಗುತ್ತದೆ. ಒಂದು ವೇಳೆ ತುಂಡನ್ನಿಟ್ಟ ಮೇಲೂ ಮೊದಲಿನಷ್ಟು ಎತ್ತರದಲ್ಲಿಯೇ ನಿಂತಿದ್ದರೆ ಮಂಡಿ, ಸೊಂಟ ಅಥವಾ ತೊಡೆಯ ಬಲವನ್ನು ಪರೀಕ್ಷಿಸಬೇಕಾಗುತ್ತಿತ್ತು. ಹಿಮ್ಮಡಿಯ ಕೆಳಗಿನ ಈ ತುಂಡೇ ಕಾರಣವನ್ನು ಬೇರ್ಪಡಿಸುವ ಮುಖ್ಯ ಸಾಧನವಾಗಿದೆ.

6. ಪರಿಹಾರ ಮತ್ತು ಅದರ ಮಿತಿ

ತಡೆಯು ಹಿಂಭಾಗದ ಎಳೆತದಿಂದ ಆಗಿದ್ದರೆ ಗೋಡೆಯ ಪರೀಕ್ಷೆಯ ಭಂಗಿಯನ್ನೇ ವ್ಯಾಯಾಮವಾಗಿ ಮಾಡಬಹುದು. ಮಂಡಿಯನ್ನು ಬಾಗಿಸಿಯೇ ಮುಂದೊತ್ತಿ, ಹಿಮ್ಮಡಿಯನ್ನು ಊರಿಕೊಂಡು 30 ಸೆಕೆಂಡು ನಿಲ್ಲುವುದು, ಹೀಗೆ ದಿನಕ್ಕೆ ಹಲವು ಬಾರಿ, ಹಲವು ವಾರ ಮಾಡುವುದು. ಮಂಡಿಯನ್ನು ನೆಟ್ಟಗಿಟ್ಟು ಮಾಡಿದರೆ ಎಳೆತವು ಮೇಲಿನ ಸ್ನಾಯುವಿಗೆ ಹೋಗುವುದರಿಂದ ಕೂರುವ ತೊಂದರೆಗೆ ಹೆಚ್ಚು ಪ್ರಯೋಜನವಾಗದು.

ಇಂತಹ ವ್ಯಾಯಾಮದಿಂದ ಸಾಮಾನ್ಯವಾಗಿ ದೊರೆಯುವ ಲಾಭ ಕೆಲವೇ ಡಿಗ್ರಿಗಳಷ್ಟು. ಸ್ವಲ್ಪದರಲ್ಲಿ ಕೂರಲಾಗದೆ ಇರುವವರಿಗೆ ಅಷ್ಟೇ ಸಾಕಾಗಬಹುದು. ಉದಾಹರಣೆಯಲ್ಲಿನ ಮಹಿಳೆಯಂತೆ 12 ಡಿಗ್ರಿ ಕೊರತೆಯಿರುವವರಿಗೆ ಅದೊಂದೇ ಸಾಲದು. ಅಂತಹವರು ಫಿಸಿಯೋಥೆರಪಿ ತಜ್ಞರಿಂದ ಕೀಲನ್ನು ಸಡಿಲಿಸುವ ಚಿಕಿತ್ಸೆ ಪಡೆಯುವುದರ ಜೊತೆಗೆ ನಿತ್ಯದ ಕೆಲಸಕ್ಕೆ ಹಿಮ್ಮಡಿಯ ಆಸರೆಯನ್ನು ಬಳಸಬಹುದು. ಕೆಲಸಕ್ಕೆ 10ರಿಂದ 15 ಸೆಂಟಿಮೀಟರ್ ಎತ್ತರದ ಮಣೆಯ ಮೇಲೆ ಕುಳಿತರೆ ಭಾರವು ಮಣೆಗೆ ಹೋಗುವುದರಿಂದ ಪಾದದ ಕೀಲು ಪೂರ್ಣವಾಗಿ ಬಾಗಬೇಕಾದ ಅಗತ್ಯವೇ ಇರದು. ಶೌಚಾಲಯದಲ್ಲಿ ಸಡಿಲವಾದ ಇಟ್ಟಿಗೆ ಅಥವಾ ಮರದ ತುಂಡನ್ನು ಇಡಬಾರದು. ಗೋಡೆಗೆ ಭದ್ರವಾಗಿ ಹಿಡಿಕೆ ಹಾಕಿಸುವುದು ಅಥವಾ ಕಮೋಡ್ ಕುರ್ಚಿ ಬಳಸುವುದು ಸೂಕ್ತ.

ಮುಂಭಾಗದಲ್ಲಿ ಹಿಸುಕಿದಂತಾಗುವವರು, ಕೀಲು ಊದಿಕೊಂಡು ಬಿಸಿಯಾಗಿರುವವರು, ಪ್ಲಾಸ್ಟರ್ ಬಿಚ್ಚಿ ಹೆಚ್ಚು ದಿನ ಆಗದಿರುವವರು ಹಾಗೂ ಪಾದದಲ್ಲಿ ಸ್ಪರ್ಶಜ್ಞಾನ ಕಡಿಮೆಯಿರುವ ಮಧುಮೇಹಿಗಳು ವೈದ್ಯರನ್ನು ಕಾಣದೆ ವ್ಯಾಯಾಮವನ್ನಾಗಲಿ ಮೇಲಿನ ಪರೀಕ್ಷೆಗಳನ್ನಾಗಲಿ ಮಾಡಬಾರದು.

7. ಪ್ರಮಾಣಪತ್ರಕ್ಕೆ ಅರ್ಜಿ ಸಲ್ಲಿಸುವವರಿಗೆ ಸೂಚನೆ

ಚಲನ ಅಂಗವೈಕಲ್ಯದ ಮೌಲ್ಯಮಾಪನಕ್ಕಾಗಿ ಕೇಂದ್ರ ಸರ್ಕಾರವು 2001ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಕಾಲಿನ ಸ್ಥಿರತೆಯನ್ನು ಅಳೆಯಲು ಸಮತಟ್ಟಿನಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು ಮುಂತಾದವುಗಳೊಂದಿಗೆ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂರುವುದನ್ನೂ ಒಂದು ಅಂಶವಾಗಿ ಸೇರಿಸಲಾಗಿತ್ತು. ಕೀಲುಗಳ ಚಲನೆಯ ವ್ಯಾಪ್ತಿಯನ್ನು ಪ್ರತ್ಯೇಕವಾಗಿ ಅಳೆಯಲಾಗುತ್ತಿತ್ತು. ನಂತರ 2018ರಲ್ಲಿ ಹಾಗೂ 2024ರಲ್ಲಿ ಮಾರ್ಗಸೂಚಿಗಳು ಪರಿಷ್ಕೃತವಾಗಿವೆ. ಪ್ರಮಾಣವನ್ನು ನಿರ್ಧರಿಸುವ ಅಧಿಕಾರವು ವೈದ್ಯಕೀಯ ಪ್ರಾಧಿಕಾರಕ್ಕೆ ಮಾತ್ರ ಇರುತ್ತದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದಡಿ ಹಲವು ಸೌಲಭ್ಯಗಳಿಗೆ ಶೇ. 40 ಅಥವಾ ಅದಕ್ಕಿಂತ ಹೆಚ್ಚಿನ ಪ್ರಮಾಣ ಅಗತ್ಯವಾಗಿದೆ. ಒಂದು ಪಾದದ ಕೀಲಿನ ಬಿಗಿತವೊಂದರಿಂದಲೇ ಆ ಪ್ರಮಾಣ ತಲುಪುವುದೆಂದು ಅರ್ಜಿದಾರರು ಮುಂಚಿತವಾಗಿ ಭಾವಿಸತಕ್ಕದ್ದಲ್ಲ.

ಪರೀಕ್ಷೆಗೆ ಹಾಜರಾಗುವಾಗ ಗಾಯದ ದಿನಾಂಕ, ಪ್ಲಾಸ್ಟರ್ ಕಟ್ಟಿದ ಅವಧಿ, ಕ್ಷ-ಕಿರಣ ಚಿತ್ರಗಳು ಮತ್ತು ಪಡೆದ ಚಿಕಿತ್ಸೆಯ ದಾಖಲೆಗಳನ್ನು ತರುವುದು ಉತ್ತಮ. ಬರಿಗಾಲಿನಲ್ಲಿ ಪರೀಕ್ಷಿಸುವಂತೆ ಕೋರಬಹುದು. ಎತ್ತರದ ಹಿಮ್ಮಡಿಯ ಚಪ್ಪಲಿಯು ಮರದ ತುಂಡಿನಂತೆಯೇ ಕೆಲಸ ಮಾಡಿ ಬಿಗಿತವನ್ನು ಮರೆಮಾಡುತ್ತದೆ. "ಕೂರಲು ಆಗುವುದಿಲ್ಲ" ಎಂದಷ್ಟೇ ಹೇಳದೆ, ಎಷ್ಟು ಆಳಕ್ಕೆ ಇಳಿಯಬಲ್ಲಿರಿ, ಅಲ್ಲಿ ಹಿಮ್ಮಡಿ ಏಳುವುದೇ ಅಥವಾ ಹಿಂದಕ್ಕೆ ಬೀಳುವಿರೇ, ತಡೆಯು ಕೀಲಿನ ಮುಂದೆಯೇ ಹಿಂದೆಯೇ, ಗೋಡೆಯ ಪರೀಕ್ಷೆಯಲ್ಲಿ ಎರಡು ಕಾಲುಗಳ ಅಳತೆ ಎಷ್ಟು ಎಂಬ ನಾಲ್ಕು ವಿಷಯಗಳನ್ನು ತಿಳಿಸಿದಲ್ಲಿ ವೈದ್ಯರು ಮಂಡಿಗೆ ಬದಲಾಗಿ ಪಾದದ ಕೀಲನ್ನು ಪರೀಕ್ಷಿಸಲು ಅನುಕೂಲವಾಗುತ್ತದೆ.